ಎಲ್ಲ ದಿನವೂ ಶನಿವಾರದ ವೇಳೆ

ಸುತ್ತೋಲೆ ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಬಂದಾಗ ನಾನು ಆಳಂದದ ತಾಲೂಕು ಕಚೇರಿಯ ಹೊರಗೆ, ಬೇವಿನ ಮರದ ಕೆಳಗೆ ಕೂತು ಒಂದು ಸುದ್ದಿ ಬರೆಯುತ್ತಿದ್ದೆ. ಸುದ್ದಿಯೂ ಬಿಸಿಲಿನದೇ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ಸುದ್ದಿ ನೋಡಿಕೊಳ್ಳುವವನಿಗೆ ಮಾರ್ಚ್ ತಿಂಗಳಲ್ಲಿ ಬೇರೆ ಸುದ್ದಿ ಕಡಿಮೆ. ನನ್ನ ಮಗಳು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಳು. ಆ ಕಾರಣಕ್ಕೆ ನಾನು ಆ ಗುಂಪಿನಲ್ಲೂ ಇದ್ದೆ, ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲೂ ಇದ್ದೆ.

ಮುಖ್ಯೋಪಾಧ್ಯಾಯರ ಬರಹ ಚೊಕ್ಕವಾಗಿತ್ತು. ತಾಪಮಾನ ಹೆಚ್ಚಿರುವುದರಿಂದ ಮೇಲಿನ ಕಚೇರಿಯ ಆದೇಶದಂತೆ ಬರುವ ಸೋಮವಾರದಿಂದ ಶಾಲೆ ಬೆಳಿಗ್ಗೆ ಎಂಟಕ್ಕೆ ಆರಂಭವಾಗಿ ಮಧ್ಯಾಹ್ನ ಹನ್ನೆರಡೂವರೆಗೆ ಬಿಡುತ್ತದೆ, ಬಿಡುವುದಕ್ಕೆ ಮುಂಚೆ ಬಿಸಿಯೂಟ ಬಡಿಸಲಾಗುತ್ತದೆ, ಮಕ್ಕಳಿಗೆ ನೀರಿನ ಬಾಟಲಿ ಮತ್ತು ತಲೆಗೆ ಟೊಪ್ಪಿಗೆ ಅಥವಾ ಟವೆಲ್ ಕೊಟ್ಟು ಕಳಿಸಬೇಕು. ಕೊನೆಗೆ ಎಲ್ಲರಿಗೂ ತಿಳಿಯಲಿ ಎಂದು ಒಂದು ಸಾಲು ಸೇರಿಸಿದ್ದರು: "ಅಂದರೆ ಎಲ್ಲ ದಿನವೂ ಶನಿವಾರದ ವೇಳೆ ಎಂದು ತಿಳಿಯುವುದು."

ಆ ಸಾಲು ನನಗೆ ಹಿಡಿಸಿತು. ಪತ್ರಿಕೆಯಲ್ಲಿ ನಾವೂ ಹಾಗೇ ಬರೆಯುತ್ತೇವೆ. ಓದುವವನಿಗೆ ಗೊತ್ತಿರುವುದನ್ನು ತೋರಿಸಿದರೆ ಗೊತ್ತಿಲ್ಲದ್ದು ಬೇಗ ತಿಳಿಯುತ್ತದೆ. ಶನಿವಾರದ ಮುಂಜಾನೆ ಸಾಲಿ, ಅರ್ಧ ದಿನದ ಬೆಳಗಿನ ಶಾಲೆ, ನಮ್ಮ ಅಜ್ಜಂದಿರ ಕಾಲದಿಂದ ಇದೆ. ಆ ದಿನ ಯಾವ ಹೊತ್ತಿಗೆ ರೊಟ್ಟಿ ಬಡಿಯಬೇಕು, ಯಾವ ಹೊತ್ತಿಗೆ ಮಕ್ಕಳು ಮನೆಗೆ ಬರುತ್ತಾರೆ ಎಂದು ಯಾವ ತಾಯಿಗೂ ಹೇಳಿಕೊಡಬೇಕಿಲ್ಲ. ಗುಂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ.

ಮೊಬೈಲ್ ಇಲ್ಲದ ಮನೆಗಳಿಗೆ ಅದೇ ಬರಹವನ್ನು ಮಕ್ಕಳ ಕೈಯಲ್ಲಿ ಕಳಿಸಿದ್ದರು. ಹೊಲದ ವಸ್ತಿಯ ಮನೆಗಳಿಗೆ ಹೋದದ್ದು ಹಾಗೆ. ನಮ್ಮೂರಿನಿಂದ ಭೂಸನೂರಿನ ಕಡೆ ಹೋಗುವ ರಸ್ತೆಯಲ್ಲಿ ಮೂರು ಕಿಲೋಮೀಟರ್ ಸುಮಾರಿಗೆ ಕಬ್ಬಿನ ಹೊಲಗಳ ನಡುವೆ ಹತ್ತು ಹನ್ನೆರಡು ಮನೆಗಳಿವೆ. ಹೊಲ ಬಿಟ್ಟು ಊರೊಳಗೆ ಇರಲಾಗದ ಒಕ್ಕಲು ಕುಟುಂಬಗಳು ಕಟ್ಟಿಕೊಂಡದ್ದು. ಅಲ್ಲಿಂದ ಏಳೆಂಟು ಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ನನ್ನ ಮಗಳ ಪಕ್ಕದಲ್ಲಿ ಕೂರುವ ಹುಡುಗಿ ಆ ವಸ್ತಿಯವಳು. ಒಂದನೇ ತರಗತಿಯಲ್ಲಿದ್ದ ತಂಗಿಯನ್ನು ಕರೆತರುವುದು, ಕರೆದೊಯ್ಯುವುದು ಅವಳದೇ ಕೆಲಸ. ಅವಳು ತಾಯಿಗೆ ಸುತ್ತೋಲೆ ಓದಿ ಹೇಳಿದಾಗ ತಾಯಿ, "ಶನಿವಾರದಂಗ ಅಂದ್ರ ಛಲೋ ಆತು, ಬೇಗ ಬಂದು ನೆಳ್ಳಾಗ ಕೂಡ್ರಿ" ಎಂದಳಂತೆ. ಇದು ಆಮೇಲೆ ನನಗೆ ತಿಳಿದದ್ದು.

ಸೋಮವಾರ ಮಧ್ಯಾಹ್ನ ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೋಗಿ ಬರುತ್ತಿದ್ದೆ. ಕಬ್ಬು ನುರಿಸುವ ಹಂಗಾಮು ಮುಗಿದಿತ್ತು, ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಕೂಡ ಇರಲಿಲ್ಲ. ಡಾಂಬರು ಮೆತ್ತಗಾಗಿ ಬೈಕಿನ ಚಕ್ರಕ್ಕೆ ಹತ್ತುವಂತಿತ್ತು. ಊರಿಗೂ ವಸ್ತಿಗೂ ನಡುವೆ ಒಂದು ಒಣ ಹಳ್ಳಕ್ಕೆ ಕಟ್ಟಿದ ಸಣ್ಣ ಸೇತುವೆ ಇದೆ. ಅದರ ಪಕ್ಕ ಶಾಲೆಯ ಚೀಲಗಳು ಬಿದ್ದಿದ್ದವು. ಬೈಕ್ ನಿಲ್ಲಿಸಿ ಇಳಿದು ನೋಡಿದರೆ ಮಕ್ಕಳು ಸೇತುವೆಯ ಕೊಳವೆಯೊಳಗೆ ಸಾಲಾಗಿ ಕೂತಿದ್ದರು. ಸುತ್ತ ಅದೊಂದೇ ನೆರಳು.

"ಇಲ್ಲ್ಯಾಕ ಕುಂತೀರಿ?" ಎಂದೆ.

"ಟಂಟಂ ಬರ್ತದಂತ ನಿಂತಿದ್ವಿ ಕಾಕಾ. ಬರ್ಲಿಲ್ಲ. ನಡಕೋತ ಬಂದ್ವಿ" ಎಂದಳು ದೊಡ್ಡ ಹುಡುಗಿ. ತಂಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಮುಖ ಕೆಂಪಾಗಿತ್ತು. ಬಾಟಲಿಗಳು ಖಾಲಿಯಾಗಿದ್ದವು.

"ಈ ಹೊತ್ತಿನಾಗ ಯಾವ ಟಂಟಂ?"

"ಶನಿವಾರ ಬರ್ತದಲ್ರಿ."

ಆಗ ನನಗೆ ಹೊಳೆಯಿತು. ಶನಿವಾರ ವಸ್ತಿಯ ಆಚೆಗಿನ ದೊಡ್ಡ ಊರಿನ ಸಂತೆ. ಆ ದಿನ ಮುಂಜಾನೆಯಿಂದ ಸಂಜೆಯವರೆಗೂ ಮೂರು ಚಕ್ರದ ಟಂಟಂಗಳು ಈ ರಸ್ತೆಯಲ್ಲಿ ಎಡೆಬಿಡದೆ ಓಡುತ್ತವೆ. ಶಾಲೆ ಬಿಟ್ಟ ಮಕ್ಕಳನ್ನು ಕಾಯಿಪಲ್ಯದ ಬುಟ್ಟಿಗಳ ನಡುವೆ ತುರುಕಿಕೊಂಡು ವಸ್ತಿಯ ಹತ್ತಿರ ಇಳಿಸಿ ಹೋಗುತ್ತವೆ. ಶನಿವಾರದ ಸಾಲಿ ವಸ್ತಿಯ ಮಕ್ಕಳಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ, ಅದು ಸಂತೆಯ ಪುಣ್ಯ. ಉಳಿದ ದಿನ ಟಂಟಂ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ನಮ್ಮೂರಿನಿಂದ ವಸ್ತಿಯ ಕಡೆ ಹೋಗುವ ಬಸ್ಸೂ ಹಾಗೇ. ದಿನದ ಶಾಲೆ ಸಂಜೆ ಬಿಡುವುದರಿಂದ ಮಕ್ಕಳಿಗೆ ಯಾವುದಾದರೂ ಗಾಡಿ ಸಿಗುತ್ತಿತ್ತು, ಸಿಗದಿದ್ದರೆ ತಂಪು ಹೊತ್ತಿನಲ್ಲಿ ನಡೆಯುತ್ತಿದ್ದರು. ಹೊತ್ತು ಬದಲಿಸಿ ನಾವು ಮಕ್ಕಳನ್ನು ಬಿಸಿಲಿನಿಂದ ಉಳಿಸಿದೆವು ಎಂದುಕೊಂಡಿದ್ದೆವು. ಊರೊಳಗಿನ ಮಕ್ಕಳ ಮಟ್ಟಿಗೆ ಅದು ನಿಜ. ಈ ಏಳೆಂಟು ಮಕ್ಕಳನ್ನು ಮಾತ್ರ ದಿನದ ಅತಿ ಕೆಟ್ಟ ಹೊತ್ತಿನಲ್ಲಿ ರಸ್ತೆಗೆ ಬಿಟ್ಟಿದ್ದೆವು. ಮುಖ್ಯೋಪಾಧ್ಯಾಯರಿಗೆ ಅದು ತೋಚಿರಲಿಲ್ಲ, ನನಗೆ ತೋಚಿರಲಿಲ್ಲ, ಮಕ್ಕಳ ತಾಯಂದಿರಿಗೂ ತೋಚಿರಲಿಲ್ಲ.

ಅಕ್ಕ ತಂಗಿಯರನ್ನು ಮೊದಲು, ಉಳಿದವರನ್ನು ಆಮೇಲೆ ಬೈಕಿನಲ್ಲಿ ವಸ್ತಿಗೆ ಬಿಟ್ಟೆ. ಅಕ್ಕ ತಂಗಿಯರ ಮನೆಗೆ ಬೀಗ ಹಾಕಿತ್ತು. ತಾಯಿ ಕೂಲಿಗೆ ಹೋಗಿದ್ದಳು. ಕೀಲಿ ದೊಡ್ಡವಳ ಕೊರಳ ದಾರದಲ್ಲಿತ್ತು.

ಅದೇ ದಿನ ಸಂಜೆ ಪತ್ರಿಕೆಯ ಕಲಬುರಗಿ ಡೆಸ್ಕಿನಿಂದ ಫೋನ್ ಬಂತು. ಬಿಸಿಲಿನ ಪುಟಕ್ಕೆ ಏನಾದರೂ ಮನುಷ್ಯರ ಸುದ್ದಿ ಇದೆಯೇ ಎಂದು ಕೇಳಿದರು. ಇತ್ತು. ಸೇತುವೆಯ ಕೊಳವೆಯಲ್ಲಿ ಕೂತ ಮಕ್ಕಳಿಗಿಂತ ಒಳ್ಳೆಯ ಚಿತ್ರ ಆ ವಾರ ಜಿಲ್ಲೆಯಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಅಚ್ಚಾದರೆ ಏನಾಗುತ್ತದೆ ಎಂದೂ ನನಗೆ ಗೊತ್ತಿತ್ತು. ಮರುದಿನ ಮುಖ್ಯೋಪಾಧ್ಯಾಯರಿಗೆ ನೋಟಿಸ್ ಬರುತ್ತದೆ, ಅವರು ಮೂರು ಪುಟ ವಿವರಣೆ ಬರೆಯುತ್ತಾರೆ, ಮಕ್ಕಳು ನಡೆಯುತ್ತಲೇ ಇರುತ್ತಾರೆ. ಎರಡು ದಿನ ತಡೆಯಿರಿ ಎಂದೆ.

ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಆ ತಾಯಿ ಶಾಲೆಗೆ ಬಂದಳು. ದೊಡ್ಡ ಮಗಳು ಜೊತೆಗಿದ್ದಳು, ಚೀಲ ಇರಲಿಲ್ಲ. ನಾನು ಮಗಳನ್ನು ಬಿಡಲು ಬಂದವನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಿನ್ನೆಯ ಸಂಗತಿ ಹೇಳುತ್ತ ಕೂತಿದ್ದೆ. ಅವರು ಅಫಜಲಪುರ ತಾಲೂಕಿನವರು. ಉಳಿದ ಶಿಕ್ಷಕರು ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರೆ ಇವರು ಊರಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು, ಶನಿವಾರ ಮನೆಗೆ ಹೋಗಿ ಸೋಮವಾರ ಬರುತ್ತಿದ್ದರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಬರ್ರಿ ತಾಯಿ, ಕೂಡ್ರಿ" ಎಂದರು.

"ಕೂಡಂಗಿಲ್ರಿ ಸರ, ಆಳು ಹೊಂಟಾವ. ಸಣ್ಣಾಕಿ ರಾತ್ರಿ ಎಲ್ಲಾ ಕಾರ್ಕೊಂಡಾಳ. ಇಬ್ಬರ್ನೂ ಇನ್ನ ಕಳಸಂಗಿಲ್ಲಂತ ಹೇಳಿ ಹೋಗಾಕ ಬಂದೇನಿ."

"ಸಣ್ಣಾಕಿಗೆ ಹುಶಾರ ಆಗೂತನಕ ಬ್ಯಾಡ. ಈಕಿ ಯಾಕ?"

"ಸಣ್ಣಾಕಿ ಮನ್ಯಾಗಿದ್ರ ನೋಡಾವ್ರು ಯಾರ್ರಿ? ನಾ ಹೊಲಕ್ಕ ಹೋಗ್ತೇನಿ. ಈಕಿನೇ ಇರ್ಬೇಕು."

"ಏಳನೇತ್ತ ಅದಾಳ. ಪರೀಕ್ಷಾ ಮುಂದ ಬಂದಾವ."

"ಗೊತ್ತದ್ರಿ."

ಮುಖ್ಯೋಪಾಧ್ಯಾಯರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಗಾಜು ಒರೆಸಿದರು. "ಹೊತ್ತು ನನ್ನ ಕೈಯಾಗಿಲ್ಲ ತಾಯಿ. ಮ್ಯಾಲಿನ ಹುಕುಮ್ ಅದ" ಎಂದರು.

"ನಾ ನಿಮಗ ಬೈಯಾಕ ಬಂದಿಲ್ರಿ. ಹೊತ್ತು ನಿಮ್ಮ ಕೈಯಾಗಿಲ್ಲ. ಪೋರಿ ನನ್ನ ಕೈಯಾಗ ಅದಾಳ. ನನ್ನ ಕೈಯಾಗಿದ್ದದ್ದು ನಾ ನೋಡ್ಕೋತೇನಿ."

ಹುಡುಗಿ ಕಿಟಕಿಯ ಆಚೆ ಪ್ರಾರ್ಥನೆಗೆ ನಿಂತ ಸಾಲುಗಳನ್ನು ನೋಡುತ್ತಿದ್ದಳು. ತಾಯಿ ಅವಳ ಭುಜ ಹಿಡಿದು ಕರೆದುಕೊಂಡು ಹೋದಳು.

ಪರೀಕ್ಷೆ ತಪ್ಪಿದರೆ ದೊಡ್ಡ ಅನಾಹುತವೇನೂ ಇಲ್ಲ, ಮತ್ತೆ ಬರೆಸಬಹುದು ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಅವರು ಹೆದರಿದ್ದು ಬೇರೆಯದಕ್ಕೆ. ನಮ್ಮೂರಲ್ಲಿ ಏಳನೆಯವರೆಗೆ ಮಾತ್ರ ಶಾಲೆ. ಎಂಟನೆಗೆ ಬೇರೆ ಊರಿನ ಪ್ರೌಢಶಾಲೆಗೆ ಹಚ್ಚಬೇಕು. "ಈಗ ತಂಗೀನ ನೋಡ್ಕೋತ ಮನ್ಯಾಗ ಕುಂತ್ರ ಜೂನ್‌ದಾಗ ಯಾರು ಹಚ್ತಾರ್ರಿ? ಮನಿಗೆ ರೂಢಿ ಆಗಿಬಿಡ್ತದ" ಎಂದರು. ಹಿಂದಿನ ವರ್ಷಗಳಲ್ಲಿ ಹೀಗೆ ಮಾರ್ಚಿನಲ್ಲಿ ನಿಂತು ಜೂನಿನಲ್ಲಿ ಬಾರದೆ ಹೋದ ಇಬ್ಬರು ಹುಡುಗಿಯರನ್ನು ನೆನಪಿಸಿಕೊಂಡರು. ಅವರಿಬ್ಬರ ಮದುವೆಯ ಊಟ ತಾವು ಉಂಡದ್ದನ್ನೂ ಹೇಳಿದರು. ಆ ಮಾತನ್ನು ಅವರು ಹೇಳಿದ ರೀತಿಯಲ್ಲಿ ದೂರು ಇರಲಿಲ್ಲ.

ನಂತರ ಅವರು ಶಿಕ್ಷಣ ಇಲಾಖೆಯ ಕ್ಲಸ್ಟರ್ ಅಧಿಕಾರಿಗೆ ಫೋನ್ ಮಾಡಿದರು. ವಸ್ತಿಯ ಮಕ್ಕಳ ಮಟ್ಟಿಗೆ ಮಾತ್ರ ಬಿಸಿಲೇರುವ ಮೊದಲೇ ಬಿಡಬಹುದೇ ಎಂದು ಕೇಳಿದರು. ಆ ಮನುಷ್ಯ ಒಳ್ಳೆಯವರು, ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಬಿಡಾಕ ಬರಂಗಿಲ್ರಿ ಸರ, ಅವಧಿ ಅವಧಿನೇ. ಬರವಣಿಗ್ಯಾಗ ಕೇಳ್ರಿ, ಬರವಣಿಗ್ಯಾಗ ಉತ್ತರ ಬರ್ತದ. ಅಷ್ಟ್ರಾಗ ಬ್ಯಾಸಗಿ ಸೂಟಿ ಬರ್ತದ."

ಟಂಟಂನವನನ್ನು ಕೇಳೋಣ ಎಂದು ನಾನೇ ಹೋದೆ. ಅವನು ಹಿಟ್ಟಿನ ಗಿರಣಿಯ ಪಕ್ಕ ಗಾಡಿಯೊಳಗೆ ಕಾಲು ಹೊರಚಾಚಿ ಮಲಗಿದ್ದ.

"ಹನ್ನೆರಡೂವರಿಗೆ ವಸ್ತಿತನಕ ಒಂದು ಸುತ್ತು ಹಾಕ್ತಿ ಏನು?"

"ಕಾಕಾ, ಆ ಹೊತ್ತಿನಾಗ ನನ್ನ ಹೆಂಡ್ತಿ ತವರಿಗೆ ಹೊಂಟೇನಿ ಅಂದ್ರೂ ನಾ ಬಿಡಾಕ ಹೋಗಂಗಿಲ್ಲ" ಎಂದ. ಎದ್ದು ಕೂತು, "ಒಂದಿನ ಎರಡ್ದಿನ ಹೋಗಬಹುದ್ರಿ. ಸಂತಿ ದಿನ ರೊಕ್ಕರೆ ಸಿಗ್ತದ, ದಿನಾ ಹಿಂಗ ಹೋದ್ರ ಟೈರು ನನ್ನ ಕೈಗೆ ಬರ್ತಾವ" ಎಂದು ಸೇರಿಸಿದ. ಅವನ ಹಳೆಯ ಟೈರುಗಳನ್ನು ನೋಡಿದ ಮೇಲೆ ನಾನು ಒತ್ತಾಯ ಮಾಡಲಿಲ್ಲ.

ಬುಧವಾರ ಸಂಜೆ ಸಮಿತಿ ಸೇರಿತು. ಮುಖ್ಯೋಪಾಧ್ಯಾಯರೇ ದಾರಿ ಹುಡುಕಿಕೊಂಡು ಬಂದಿದ್ದರು. ಶಾಲೆ ಹನ್ನೆರಡೂವರೆಗೆ ಬಿಡಲಿ, ಅದು ಆದೇಶ. ಬಿಟ್ಟ ಮೇಲೆ ವಸ್ತಿಯ ಮಕ್ಕಳು ಶಾಲೆಯಲ್ಲೇ ಉಳಿಯಲಿ. ಹಳೆಯ ಕೋಣೆಯಲ್ಲಿ ಮಲಗಿ, ಐದರ ಸುಮಾರಿಗೆ ಇಳಿಬಿಸಿಲಿನಲ್ಲಿ ಹೋಗಲಿ. ತಾವೇ ಜೊತೆಗಿರುವುದಾಗಿ ಹೇಳಿದರು.

ಸಮಿತಿಯ ಅಧ್ಯಕ್ಷರು ಊರಿನ ಕಿರಾಣಿ ವ್ಯಾಪಾರಿ, ಲೆಕ್ಕಾಚಾರದ ಮನುಷ್ಯ. "ಸರ, ವಿಚಾರ ಬರೋಬರಿ ಅದ. ಆದ್ರ ಸಾಲಿ ಬಿಟ್ಟ ಮ್ಯಾಲ ಕೂಸಿಗೆ ಹಾವು ಕಡೀತು, ಚೇಳು ಕಡೀತು ಅನ್ರಿ. ಯಾರು ಜವಾಬ್ದಾರ್ರು?"

"ನಾನು."

"ಹಂಗ ಬಾಯಿಲೆ ಅಂದ್ರ ಆಗಂಗಿಲ್ರಿ. ನಿಮಗ ನಿವೃತ್ತಿಗೆ ಎಷ್ಟು ಉಳದಾದ?"

"ಮುಂದಿನ ವರ್ಷ."

"ಅದಕ್ಕ ಹೇಳಾಕತ್ತೇನಿ. ಪಿಂಚಣಿ ಮುಂದಿಟ್ಕೊಂಡು ಯಾಕ ಪರೇಶಾನ ಆಗ್ತೀರಿ?"

ಮುಖ್ಯೋಪಾಧ್ಯಾಯರು ಸಭೆಯ ಠರಾವಿನ ಪುಸ್ತಕ ಎಳೆದುಕೊಂಡು ತಮ್ಮ ಹೊಣೆ ಎಂದು ಬರೆದರು, ಸಹಿ ಹಾಕಿ ಅಧ್ಯಕ್ಷರ ಮುಂದಿಟ್ಟರು. ಅಧ್ಯಕ್ಷರು ಓದಿ, ತಲೆ ಆಡಿಸಿ, ಪೆನ್ನು ತೆಗೆದುಕೊಂಡು "ಮತ್ತು ಸಮಿತಿಯ ಹೊಣೆ" ಎಂದು ಕೆಳಗೆ ಸೇರಿಸಿ ಸಹಿ ಮಾಡಿದರು. "ಒಬ್ಬರನ್ನೇ ಹಾವಿನ ಬಾಯಾಗ ಕೊಟ್ಟಾರಂತ ಊರು ನಮಗ ಉಗೀಬಾರ್ದು" ಎಂದರು. ನಾವೆಲ್ಲ ಸಹಿ ಮಾಡಿದೆವು.

ಮರುದಿನ ಸಂಜೆ ಎರಡನೆಯ ಸುತ್ತೋಲೆ ಹಿಡಿದು ಮುಖ್ಯೋಪಾಧ್ಯಾಯರು ನನ್ನ ಬೈಕಿನ ಹಿಂದೆ ಕೂತು ವಸ್ತಿಗೆ ಬಂದರು. ಈ ಸಲ ಮಕ್ಕಳ ಕೈಯಲ್ಲಿ ಕಳಿಸುವುದಿಲ್ಲ ಎಂದಿದ್ದರು. ಮನೆ ಮನೆಗೆ ಹೋಗಿ ಓದಿ ಹೇಳಿದರು. ಉಳಿದವರು ಒಪ್ಪಿದರು. ಆ ತಾಯಿ ದನಕ್ಕೆ ನೀರು ಇಡುತ್ತ ಪೂರ್ತಿ ಕೇಳಿಸಿಕೊಂಡಳು.

"ಅಲ್ಲಿ ಯಾರ್ಯಾರು ಇರ್ತಾರ್ರಿ ಸರ?"

"ನಾ ಇರ್ತೇನಿ. ಮಕ್ಕಳಿರ್ತಾವ."

"ಬ್ಯಾರೆ ಯಾರೂ ಇರಂಗಿಲ್ಲೇನ್ರಿ?"

ಅವಳು ಕೇಳಿದ್ದು ಏನೆಂದು ನನಗೆ ತಿಳಿಯಿತು, ಅವರಿಗೂ ತಿಳಿಯಿತು. ವಯಸ್ಸಿಗೆ ಬರುತ್ತಿರುವ ಮಗಳು, ಶಿಕ್ಷಕರೆಲ್ಲ ಹೋದ ಮೇಲಿನ ಖಾಲಿ ಶಾಲೆ, ಒಬ್ಬ ಗಂಡಸು. ಕೆಲವರು ಇದನ್ನು ಅವಮಾನ ಎಂದುಕೊಂಡಾರು. ಮುಖ್ಯೋಪಾಧ್ಯಾಯರು ಕಾಗದ ಮಡಿಚಿ ಜೇಬಿಗೆ ಇಟ್ಟುಕೊಂಡರು.

"ನೀವು ಕೇಳಿದ್ದು ಖರೆ ಅದ ತಾಯಿ. ನನಗ ಮೊದಲ ಹೊಳೀಬೇಕಿತ್ತು. ಅಡಗಿ ಆಯಿನ್ನ ಕೇಳ್ತೇನಿ. ಆಕಿ ಒಪ್ಪಿದ್ರ?"

"ಆಯಿ ಇದ್ರ ಕಳಸ್ತೇನ್ರಿ. ಇಲ್ಲಾಂದ್ರ ಇಲ್ಲ."

ಆಯಿ ಎಂದರೆ ಬಿಸಿಯೂಟದ ಮುಖ್ಯ ಅಡುಗೆಯವಳು. ಹೊಸ ವೇಳೆಯಿಂದ ಅವಳ ಕಷ್ಟವೂ ಹೆಚ್ಚಿತ್ತು. ಏಳಕ್ಕೇ ಬಂದು ಒಲೆ ಹಚ್ಚಬೇಕು, ಬಡಿಸಿ, ಪಾತ್ರೆ ತಿಕ್ಕಿ ಮುಗಿಸುವಾಗ ಅಡುಗೆ ಕೋಣೆ ಕುಲುಮೆಯಂತಾಗಿರುತ್ತದೆ. ಅಷ್ಟರ ಮೇಲೆ ಇನ್ನೊಂದು ಕೆಲಸ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮುಖ್ಯೋಪಾಧ್ಯಾಯರು ಚಿಂತೆ ಮಾಡಿದರು. ಅವಳ ಮನೆ ಶಾಲೆಯ ಹಿಂದೆಯೇ. ಬಾಗಿಲಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

"ನಿಮಗ ತ್ರಾಸ ಆಗ್ತದ, ಗೊತ್ತದ. ಆದ್ರೂ ಕೇಳಾಕ ಬಂದೇನಿ" ಎಂದು ಶುರುಮಾಡಿ ಎಲ್ಲ ಹೇಳಿದರು.

"ಇಷ್ಟಕ್ಕ ಇಬ್ಬರು ಬಂದೀರೇನು?" ಎಂದಳು ಆಯಿ. "ಸರ, ನನ್ನ ಮನಿ ಮ್ಯಾಲ ತಗಡ ಅದ. ಮಧ್ಯಾಹ್ನ ಒಳಗ ಕುಂತ್ರ ರೊಟ್ಟಿ ಬೆಂದಂಗ ಬೇಯ್ತೇನಿ. ಸಾಲಿ ಹಳೇ ಖೋಲ್ಯಾಗ ಶಹಾಬಾದ ಕಲ್ಲು ಹಾಸ್ಯಾರ, ತಂಪದ. ಅಲ್ಲಿ ಮಲ್ಕೊಳ್ಳಾಕ ಬಿಡ್ರಿ ಅಂತ ನಾನೇ ನಿಮಗ ಕೇಳಬೇಕಂತಿದ್ದೆ. ನೀವು ಏನಂತೀರೋ ಅಂತ ಸುಮ್ಮಿದ್ದೆ."

"ಮತ್ತ ಕೇಳಬಾರ್ದೇನು?"

"ನೀವು ಹೆಡ್‌ಮಾಸ್ತರ. ನಾ ನಿಮ್ಮ ಸಾಲ್ಯಾಗ ನಿದ್ದಿ ಮಾಡ್ತೇನಿ ಅಂತ ಹೆಂಗ ಕೇಳ್ಲಿ?"

ಮುಖ್ಯೋಪಾಧ್ಯಾಯರು ನಕ್ಕದ್ದನ್ನು ಆ ವಾರದಲ್ಲಿ ಮೊದಲ ಸಲ ನೋಡಿದೆ.

ಶುಕ್ರವಾರ ವಸ್ತಿಯ ಮಕ್ಕಳು ಬಂದರು. ದೊಡ್ಡ ಹುಡುಗಿ ಬಂದಳು. ತಂಗಿ ಇನ್ನೂ ಸುಸ್ತಾಗಿದ್ದರಿಂದ ತನ್ನ ಕೂಲಿ ಬಿಟ್ಟು ತಾಯಿಯೇ ಮನೆಯಲ್ಲಿ ಉಳಿದಿದ್ದಳು. ಮುಂದಿನ ವಾರ ತಂಗಿಯೂ ಬಂದಳು. ಬಿಸಿಲಿನ ಪುಟಕ್ಕೆ ನಾನು ಏನೂ ಕಳಿಸಲಿಲ್ಲ. ಡೆಸ್ಕಿನವರು ಬೇರೆ ಯಾರಿಂದಲೋ ಒಣಗಿದ ಕೆರೆಯ ಚಿತ್ರ ತರಿಸಿ ಹಾಕಿದರು.

ಆ ಮಧ್ಯಾಹ್ನಗಳಲ್ಲಿ ಎರಡು ಮೂರು ಸಲ ಶಾಲೆಗೆ ಹೋಗಿದ್ದೆ, ಮಗಳು ಅಲ್ಲೇ ಉಳಿಯಲು ಹಟ ಮಾಡುತ್ತಿದ್ದಳು. ಕರೆಂಟ್ ಇರುತ್ತಿರಲಿಲ್ಲ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿದ್ದರು. ಕಲ್ಲಿನ ನೆಲದ ಮೇಲೆ ಮಕ್ಕಳು ಅಂಗಿ ಮೇಲಕ್ಕೆತ್ತಿ ಹೊಟ್ಟೆ ತಾಗಿಸಿ ಮಲಗಿರುತ್ತಿದ್ದವು. ಒಂದು ಮೂಲೆಯಲ್ಲಿ ಆಯಿಯ ಗೊರಕೆ. ಮುಖ್ಯೋಪಾಧ್ಯಾಯರು ಬಾಗಿಲ ಹೊರಗೆ, ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಳಗೆ ತಂಪಿದೆ ಬನ್ನಿ ಎಂದರೂ ಬರುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಆ ಜಗಲಿಗೆ ಮೂರರ ನಂತರ ಬಿಸಿಲು ಬೀಳುತ್ತಿತ್ತು, ಅವರು ಕುರ್ಚಿಯನ್ನು ಕಂಬದ ನೆರಳಿನ ಜೊತೆ ಸರಿಸುತ್ತಿದ್ದರು. ವಸ್ತಿಯ ದೊಡ್ಡ ಹುಡುಗಿ ಗಣಿತದ ಲೆಕ್ಕ ತಂದು ಹೊಸ್ತಿಲ ಒಳಗೆ ಕೂತು ತೋರಿಸುತ್ತಿದ್ದಳು, ಅವರು ಹೊರಗಿನಿಂದ ತಿದ್ದುತ್ತಿದ್ದರು.

"ಸರ, ಇದು ಸಾಲಿ ಟೈಮ್ ಅಲ್ಲ. ನೀವು ಲೆಕ್ಕ ಹೇಳಬಾರ್ದು" ಎಂದು ಒಮ್ಮೆ ಅವಳು ಅಂದಳು.

"ಹೌದು. ನೀ ಕೇಳಾಕೂ ಬಾರ್ದು. ಮುಂದಿಂದು ಬಿಡಿಸು."

ಬೇಸಿಗೆ ರಜೆಯ ಮುಂಚೆ ಫಲಿತಾಂಶದ ದಿನ ಪಾಲಕರನ್ನು ಕರೆದಿದ್ದರು. ಏಳನೆಯ ಮಕ್ಕಳ ಪಾಲಕರು ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಡಬೇಕಿತ್ತು. ನಾನು ಮಗಳದ್ದು ಬರೆದುಕೊಡುತ್ತಿದ್ದೆ. ಆ ತಾಯಿ ಬಂದು ಈ ಸಲ ಕೇಳದೆಯೇ ಕುರ್ಚಿಯ ಮೇಲೆ ಕೂತಳು. ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು.

"ಎಂಟನೇತ್ತಕ್ಕ ಎಲ್ಲಿಗೆ ಹಚ್ತೀರಿ ತಾಯಿ?" ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಸಾದಾ ಪ್ರಶ್ನೆಯಂತೆ ಕೇಳಿದರು, ಆದರೆ ಪೆನ್ನು ಹಿಡಿದ ಕೈ ಅರ್ಜಿಯ ಮೇಲೆ ನಿಂತಿತ್ತು.

"ಸಂತಿ ಊರಿನ ಹೈಸ್ಕೂಲಿಗೆ ಅಂತ ಮಾಡೇವ್ರಿ. ಖರೆ ಒಂದು ಮಾತು. ಅಲ್ಲಿನೂ ಬ್ಯಾಸಗ್ಯಾಗ ಮುಂಜಾನಿ ಸಾಲಿ ಆಗ್ತದಲ್ರಿ?"

"ಆಗ್ತದ."

"ಮಧ್ಯಾಹ್ನ ಬಿಟ್ರ ವಸ್ತಿಗೆ ಬಸ್ಸದೇನ್ರಿ? ಶನಿವಾರ ಬಿಟ್ಟು."

ಅವರು ಫೋನ್ ತೆಗೆದು ಆ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ ಹಚ್ಚಿದರು. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಈ ಕಡೆ ಬರುವ ಬಸ್ ಯಾವುದು, ಬೇಸಿಗೆಯಲ್ಲೂ ಓಡುತ್ತದೆಯೇ, ವಸ್ತಿಯ ಹತ್ತಿರ ನಿಲ್ಲಿಸುತ್ತಾರೆಯೇ ಎಂದು ಒಂದೊಂದಾಗಿ ಕೇಳಿದರು. ಆ ಕಡೆಯವರಿಗೆ ಗೊತ್ತಿರಲಿಲ್ಲ. ಈ ಕಡೆಯಿಂದ ಅಲ್ಲಿಗೆ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಕರೆದು ಕೇಳಿ ಹೇಳಿದರು. ಸಂತೆ ಊರಿನಿಂದ ಈ ಕಡೆ ಒಂದು ಬಸ್ ಇದೆ, ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತಿಗೆ ಹೊರಟು ನಮ್ಮೂರು ದಾಟಿ ಹೋಗುತ್ತದೆ, ತಿರುಗಿ ಬರುವುದು ಸಂಜೆಗೇ. ವಸ್ತಿಯ ಹತ್ತಿರ ನಿಲ್ಲುವುದಿಲ್ಲ, ಕಂಡಕ್ಟರನಿಗೆ ಹೇಳಿದರೆ ಇಳಿಸುತ್ತಾನೆ.

"ಹೇಳಿದ್ರ ಇಳಸ್ತಾನಂತ" ಎಂದರು ಮುಖ್ಯೋಪಾಧ್ಯಾಯರು.

ತಾಯಿ ಮಗಳ ಕಡೆ ತಿರುಗಿದಳು. "ಹೇಳಾಕ ಬಾಯಿ ಅದಲ್ಲ ನಿನಗ?"

"ಅದ."

"ಹಂಗಾದ್ರ ಬರೀರಿ ಸರ" ಎಂದಳು ತಾಯಿ.